(2, 3) ಮ್ಯಾಲಿಂದ ಹೋಗೋ ಗೆರಿ, ಅಕ್ಷದ ಜೊತಿ 12ರ ತ್ರಿಭುಜ: ಉತ್ತರ ಒಂದಾ, ಮೂರಾ?

ತೊಗರಿನಾಡು_ಪಿಯು (ಕಲಬುರಗಿ)

ಎಲ್ಲಾರ್ಗೂ ನಮಸ್ಕಾರ್ರಿ. ನಾ ಫಸ್ಟ್ ಪಿಯು ಸೈನ್ಸ್. ಸರಳರೇಖೆ ಪಾಠದಾಗ ಒಂದು ಲೆಕ್ಕಕ್ಕ ತಲಿ ಕೆಟ್ಟದ ನೋಡ್ರಿ. (2, 3) ಬಿಂದುವಿನ ಮೂಲಕ ಹೋಗಿ ಎರಡೂ ಅಕ್ಷದ ಜೊತಿ 12 ಚದರ ಮಾನದ ತ್ರಿಭುಜ ಮಾಡೋ ರೇಖೆ ಒಟ್ಟು ಎಷ್ಟು ಅಂತ ಕೇಳ್ಯಾರ, ಆಪ್ಷನ್ 1, 2, 3, 4 ಕೊಟ್ಟಾರ.

ನಾ ಇಂಟರ್‌ಸೆಪ್ಟ್ ಫಾರ್ಮ್ ತಗೊಂಡಿನಿ, x/a + y/b = 1. ಬಿಂದು ಹಾಕಿದ್ರ 2/a + 3/b = 1, ಅಂದ್ರ 2b + 3a = ab. ಕ್ಷೇತ್ರಫಲ ½ab = 12, ಅದಕ್ಕ ab = 24, b = 24/a ಅಂತ ಮ್ಯಾಲ ಹಾಕಿದ್ರ 3a² − 24a + 48 = 0 ಬಂತು, 3ರಿಂದ ಭಾಗಿಸಿದ್ರ (a − 4)² = 0. a = 4, b = 6, ಒಂದೇ ರೇಖೆ, 3x + 2y = 12. ತಿರುಗಿ ಹಾಕಿ ನೋಡಿನಿ, ಬರೋಬ್ಬರಿ ಅದ.

ಆದ್ರ ಗೈಡ್ ಹಿಂದ ಉತ್ತರ 3 ಅಂತ ಅದ. ಟ್ಯೂಷನ್‌ದಾಗ ಕೇಳಿದ್ರ ಒಂದೇ ಬರ್ತದ, ಪ್ರಿಂಟ್ ತಪ್ಪಿರ್ಬೇಕು, ಮುಂದಿನ ಲೆಕ್ಕ ಮಾಡು ಅಂದ್ರು. ಖರೇನ ಪ್ರಿಂಟ್ ತಪ್ಪಾ? ಇಲ್ಲಂದ್ರ ಉಳಿದ ಎರಡು ರೇಖೆ ಎಲ್ಲವ?

ಶಾರ್ಟ್‌ಕಟ್_ಅಣ್ಣ (ಕಲಬುರಗಿ)

ತಮ್ಮಾ ನಿಂದೇ ಸರಿ ಅದ, ತಲಿ ಕೆಡಿಸ್ಕೊಬ್ಯಾಡ. ಕ್ಷೇತ್ರಫಲ ಯಾವಾಗ್ಲೂ ಪಾಸಿಟಿವ್ ಇರ್ತದ, ಹಂಗಾಗಿ ab ನೂ ಪಾಸಿಟಿವ್, 24 ಬಿಟ್ರ ಬ್ಯಾರೆ ಬರಂಗೇ ಇಲ್ಲ. ಇನ್ನೊಂದು ಹೇಳ್ತೀನಿ, ಬಿಂದು (h, k) ಇದ್ರ ಎಲ್ಲಕ್ಕಿಂತ ಸಣ್ಣ ತ್ರಿಭುಜ 2hk ಇರ್ತದ, ಇಲ್ಲಿ 2 × 2 × 3 = 12. ಸಣ್ಣದು ಒಂದೇ ಇರ್ತದ, ಅದಕ್ಕ ನಿನಗ ವರ್ಗ ಬಂತು, (a − 4)². ಸಿಇಟಿದಾಗ 60 ಪ್ರಶ್ನೆಕ್ಕ 80 ನಿಮಿಷ, ಇದರ ಮ್ಯಾಲ ಕುಂತ್ರ ಹೆಂಗ? 1 ಟಿಕ್ ಹಾಕು, ಮುಂದ ಹೋಗು.

ಹುಮನಾಬಾದ್_ಅವ್ವ

ನನ್ನ ಮಗಳೂ ಇದೇ ಪಾಠ ಓದ್ಲತ್ತಾಳ್ರಿ, ಅಕೀಗಿ ತೋರಿಸಿದ್ಯಾ, ಅಕೀಗಿ ಎರಡು ಬಂದಾವ. a + b = 12 ತಗೊಂಡು a² − 11a + 24 = 0 ಮಾಡ್ಯಾಳ, a = 3 ಮತ್ತ a = 8. ಮೊದಲ್ನೇದಕ್ಕ b = 9, ಎರಡ್ನೇದಕ್ಕ b = 4. ಎರಡರಾಗೂ (2, 3) ಹಾಕಿದ್ರ 1 ಬರ್ತದ, 2/3 + 3/9 ನೂ 1, 2/8 + 3/4 ನೂ 1. ಇಷ್ಟು ಚಂದ ಹೊಂದಿಕೊಂಡ ಮ್ಯಾಲ ತಪ್ಪು ಹೆಂಗ ಆಗ್ತದ? ಹಂಗಾದ್ರ ಉತ್ತರ 2 ಅಲ್ಲೇನ್ರಿ?

ಬೀದರ್_ಮಾಸ್ತರ

ಮೊದಲ ಹುಮನಾಬಾದ್ ತಾಯಿಗಿ ಹೇಳ್ತೀನಿ. ನಿಮ್ಮ ಮಗಳ ಲೆಕ್ಕ ತಪ್ಪಿಲ್ರಿ, ಪ್ರಶ್ನೆ ಬ್ಯಾರೆ ಓದ್ಯಾಳ. ಅಕಿ ಮಾಡಿದ್ದು ಅಂತಃಛೇದಗಳ ಮೊತ್ತ 12 ಇದ್ದಾಗಿನ ಲೆಕ್ಕ. ಆ ಪ್ರಶ್ನೆನೂ ಇದೇ ಪಾಠದಾಗ ಭಾಳ ಬರ್ತದ, ಹಂಗಾಗಿ ಕೈ ತಾನೇ ಆ ಕಡಿ ಓಡ್ತದ. ಆದ್ರ ಅಕಿ ರೇಖೆಗಳ ತ್ರಿಭುಜ ಅಳೀರಿ: 3 ಮತ್ತ 9 ಇದ್ದದ್ದು ½ × 27 = 13.5, 8 ಮತ್ತ 4 ಇದ್ದದ್ದು ½ × 32 = 16. ಎರಡೂ 12 ಅಲ್ಲ. ಬಿಂದು ಕೂಡ್ತದ ಅಂದ ಮಾತ್ರಕ್ಕ ಆಗಂಗಿಲ್ಲ, ಪ್ರಶ್ನೆದಾಗ ಎರಡು ಷರತ್ತು ಅವ, ಎರಡನೇದನ್ನೂ ತಾಳೆ ನೋಡ್ಬೇಕು.

ಈಗ ಕಲಬುರಗಿ ತಮ್ಮಗ. ಗೈಡ್‌ದಾಗ ಇದ್ದದ್ದು ಸರಿ, ಉತ್ತರ 3. ಶಾರ್ಟ್‌ಕಟ್ ಅಣ್ಣ ಅರ್ಧ ಸರಿ ಹೇಳ್ಯಾನ. ಕ್ಷೇತ್ರಫಲ ಪಾಸಿಟಿವ್ ಅನ್ನೋದು ಖರೇ, ಆದ್ರ ಅದರಿಂದ ab ಪಾಸಿಟಿವ್ ಅಂತ ಬರಂಗಿಲ್ಲ. x/a + y/b = 1 ದಾಗ a ಮತ್ತ b ಅನ್ನೋವು ಉದ್ದ ಅಲ್ಲ, ಚಿಹ್ನೆ ಇರೋ ಸಂಖ್ಯೆ. ರೇಖೆ x-ಅಕ್ಷಕ್ಕ ಮೂಲಬಿಂದುವಿನ ಎಡಗಡಿ ಹಾಯ್ದ್ರ a ನೆಗೆಟಿವ್, y-ಅಕ್ಷಕ್ಕ ಕೆಳಗ ಹಾಯ್ದ್ರ b ನೆಗೆಟಿವ್. ತ್ರಿಭುಜದ ಬದಿಗಳ ಉದ್ದ |a| ಮತ್ತ |b|, ಹಂಗಾಗಿ ಕ್ಷೇತ್ರಫಲ ½|ab|. ½|ab| = 12 ಅಂದ್ರ ab = 24 ಇಲ್ಲ ab = −24. ನೀ ಮೊದಲ್ನೇದು ಅಷ್ಟೇ ಬಿಡಿಸಿದಿ.

ಎರಡ್ನೇದು ಬಿಡಿಸು. 2b + 3a = −24, b = −24/a. ಆಗ 3a² + 24a − 48 = 0, ಅಂದ್ರ a² + 8a − 16 = 0, a = −4 ± 4√2.

ಪ್ಲಸ್ ತಗೊಂಡ್ರ a ಅಂದಾಜು 1.66, b ಅಂದಾಜು −14.49. ಮೈನಸ್ ತಗೊಂಡ್ರ a ಅಂದಾಜು −9.66, b ಅಂದಾಜು 2.49. ಎರಡರಾಗೂ ಗುಣಿಸಿ ನೋಡು, ಚಿಹ್ನೆ ಬಿಟ್ಟ್ರ 24ರ ಹತ್ತಿರ ಬರ್ತದ. ಇವೇ ನೀ ಹುಡುಕಲತ್ತಿದ್ದ ರೇಖೆ.

ತೊಗರಿನಾಡು_ಪಿಯು

ಸರ್ ಲೆಕ್ಕ ತಿಳೀತು, ಚಿತ್ರ ಕಣ್ಣಿಗಿ ಬರವಲ್ದು. (2, 3) ಮೊದಲ್ನೇ ಚತುರ್ಥಾಂಶದಾಗ ಅದ, b = −14.49 ಅಂದ್ರ ತ್ರಿಭುಜ ಕೆಳಗ ನಾಕ್ನೇ ಚತುರ್ಥಾಂಶದಾಗ ಬರ್ತದಲ್ಲ, ಅದರಾಗ (2, 3) ಇರಂಗೇ ಇಲ್ಲ. ಬಿಂದು ತ್ರಿಭುಜದ ಮ್ಯಾಲ ಇರ್ಬೇಕಲ್ಲೇನ್ರಿ ಸರ್?

ಬೀದರ್_ಮಾಸ್ತರ

ಇದೇ ಗಂಟು ನೋಡು, ಎಲ್ಲಾರೂ ಇಲ್ಲೇ ಸಿಗ್ತಾರ. ಪ್ರಶ್ನೆ ಇನ್ನೊಂದ್ಸಲ ಓದು. ರೇಖೆ ಬಿಂದುವಿನ ಮೂಲಕ ಹೋಗ್ಬೇಕು ಅಂದಾರ, ತ್ರಿಭುಜದ ಬದಿ ಬಿಂದುವಿನ ಮೂಲಕ ಹೋಗ್ಬೇಕು ಅಂತ ಯಾರೂ ಅಂದಿಲ್ಲ. ರೇಖೆಕ್ಕ ಎರಡೂ ಕಡಿ ಕೊನಿ ಇಲ್ಲ. ಅಕ್ಷಗಳ ನಡುವ ಸಿಕ್ಕ ತುಂಡು ಅಷ್ಟೇ ತ್ರಿಭುಜದ ಬದಿ ಆಗ್ತದ, ಉಳಿದ ರೇಖೆ ಹೊರಗ ಚಾಚಿಕೊಂಡು ಇರ್ತದ.

ನಿನ್ನ ಮೊದಲ್ನೇ ರೇಖೆ (4, 0) ಮತ್ತ (0, 6) ಮುಟ್ಟಿ ಹೋಗ್ತದ, (2, 3) ಆ ತುಂಡಿನ ಮ್ಯಾಲೇ ಅದ. ಎರಡ್ನೇದು (0, −14.49) ದಿಂದ ಹೊಂಟು (1.66, 0) ದಾಟಿ ನೆಟ್ಟಗ ಮ್ಯಾಲ ಏರ್ತದ, ಅಕ್ಷ ದಾಟಿದ ಮ್ಯಾಲ (2, 3) ಸಿಗ್ತದ. ತ್ರಿಭುಜ ಕೆಳಗ, ಬಿಂದು ಮ್ಯಾಲ, ರೇಖೆ ಒಂದೇ. ಮೂರ್ನೇದು ಎಡಗಡಿ (−9.66, 0) ದಿಂದ ಸಣ್ಣಗ ಏರ್ತಾ (0, 2.49) ದಾಟಿ ಆಮ್ಯಾಲ (2, 3) ಗಿ ಬರ್ತದ. ಅದರ ತ್ರಿಭುಜ ಎರಡ್ನೇ ಚತುರ್ಥಾಂಶದಾಗ.

a, b ಎರಡೂ ನೆಗೆಟಿವ್ ಯಾಕಿಲ್ಲ ಅಂತ ಕೇಳಿದ್ರ, ಹಂಗಿದ್ದ ರೇಖೆ ಮೊದಲ್ನೇ ಚತುರ್ಥಾಂಶಕ್ಕ ಬರಂಗೇ ಇಲ್ಲ. 2/a + 3/b ದಾಗ ಎರಡೂ ನೆಗೆಟಿವ್ ಹಾಕಿದ್ರ ಕೂಡಿಸಿ 1 ಹೆಂಗ ಆಗ್ತದ?

ಶಾರ್ಟ್‌ಕಟ್_ಅಣ್ಣ

ಮಾಸ್ತರ್ರೆ, ಹಂಗ ನೋಡಿದ್ರ ಎಲ್ಲಾ ಲೆಕ್ಕಕ್ಕೂ ಎರಡು ಎಕ್ಸ್‌ಟ್ರಾ ಬರ್ತಾವ. ನಮಗ ಕಲಿಸಿದ್ದು ½ab ಅಂತನೇ, ಯಾರೂ ಮಾಡ್ಯುಲಸ್ ಹಾಕಿಲ್ಲ.

ಯಾದಗಿರಿ_ಗ್ರಾಫ್

ನಾ ಸುಮ್ನ ಓದ್ಲತ್ತಿದ್ದೆ, ತಡಿಲಾರ್ದೆ ಬರೀಲತ್ತೀನಿ. ಎಕ್ಸ್‌ಟ್ರಾ ಅಲ್ಲ ಅಣ್ಣ, ಅವು ಯಾವಾಗ್ಲೂ ಇರ್ತಾವ, ನೋಡ್ಲಾಕ ಹೋದ್ರ ಅವೇ ಗ್ಯಾರಂಟಿ ಇರೋ ರೇಖೆ, ಮೊದಲ್ನೇ ಚತುರ್ಥಾಂಶದ್ದೇ ಇರ್ಬೋದು ಇಲ್ಲದೆನೂ ಇರ್ಬೋದು.

ನಾ ಇಂಟರ್‌ಸೆಪ್ಟ್ ಬಿಟ್ಟು ಸ್ಲೋಪ್ ತಗೊಂಡಿನಿ. y − 3 = m(x − 2). y = 0 ಹಾಕಿದ್ರ x-ಅಕ್ಷದ ಮ್ಯಾಲ 2 − 3/m, x = 0 ಹಾಕಿದ್ರ y-ಅಕ್ಷದ ಮ್ಯಾಲ 3 − 2m. ಗುಣಿಸಿ ಅರ್ಧ ಮಾಡಿದ್ರ ಕ್ಷೇತ್ರಫಲ

```
S = (3 - 2m)² / (2|m|)
```

ಮ್ಯಾಲ ವರ್ಗ ಅದ, ಹಂಗಾಗಿ ಕೆಳಗಿನ mಗ ಮಾಡ್ಯುಲಸ್ ಹಾಕ್ಲೇಬೇಕು, ಮರೀಲಾಕೇ ಬರಂಗಿಲ್ಲ. ಇದನ್ನ ಫೋನ್‌ದಾಗ ಗ್ರಾಫ್ ಆಪ್‌ಗ ಹಾಕಿ m ಸ್ಲೈಡರ್ ಎಳ್ದು ನೋಡ್ರಿ. m ನೆಗೆಟಿವ್ ಇದ್ದಾಗ ಗ್ರಾಫ್ ಮ್ಯಾಲಿಂದ ಇಳ್ದು m = −1.5ರ ಹತ್ತಿರ 12 ಮುಟ್ಟಿ ತಿರುಗಿ ಏರ್ತದ, ಬಟ್ಟಲು ಇಟ್ಟಂಗ. m ಪಾಸಿಟಿವ್ ಇದ್ದಾಗ m = 1.5 ಹತ್ತಿರ ಸೀದಾ ಸೊನ್ನಿಗಿ ಬೀಳ್ತದ, ಎರಡೂ ಕಡಿ ಮತ್ತ ಮುಗಿಲಿಗಿ ಏರ್ತದ. m = 1.5 ಅಂದ್ರ ಮೂಲಬಿಂದು ಮತ್ತ (2, 3) ಎರಡೂ ಮುಟ್ಟೋ ರೇಖೆ, ಅಲ್ಲಿ ತ್ರಿಭುಜನೇ ಇಲ್ಲ. ಸೊನ್ನಿಯಿಂದ ಏರಿ ಹೋಗೋ ಗ್ರಾಫ್ ಅಂದ ಮ್ಯಾಲ S ಎಷ್ಟೇ ಕೊಡ್ರಿ, 12 ಇರ್ಲಿ 0.5 ಇರ್ಲಿ ಸಾವಿರ ಇರ್ಲಿ, ಎರಡು ಕಡಿ ಕಡೀಲೇಬೇಕು.

ಬೀದರ್_ಮಾಸ್ತರ

ಭಾಳ ಚಲೋ ಹೇಳಿದ್ರಿ. ಅದನ್ನೇ ಇಂಟರ್‌ಸೆಪ್ಟ್ ಫಾರ್ಮ್‌ದಾಗ ನೋಡಿದ್ರ ಹಿಂಗ ಬರ್ತದ. (h, k) ಬಿಂದು, ಕ್ಷೇತ್ರಫಲ S, ಎರಡೂ h, k ಪಾಸಿಟಿವ್ ಇಟ್ಕೊಳ್ರಿ. ab = 2S ಹಾಕಿದ್ರ

```
k a² - 2S a + 2S h = 0
```

ಇದರ ಶೋಧಕ 4S² − 8Shk. ಇದು ಸೊನ್ನಿಗಿಂತ ದೊಡ್ಡದು ಆಗ್ಬೇಕಂದ್ರ S > 2hk ಇರ್ಬೇಕು. ab = −2S ಹಾಕಿದ್ರ ಮಧ್ಯದ ಚಿಹ್ನೆನೂ ಕೊನಿ ಚಿಹ್ನೆನೂ ತಿರುಗ್ತಾವ, ಶೋಧಕ 4S² + 8Shk ಆಗ್ತದ, ಅದು ಯಾವಾಗ್ಲೂ ಪಾಸಿಟಿವ್. ಅದಕ್ಕೇ ಯಾದಗಿರಿಯವ್ರು ಹೇಳಿದಂಗ ಆ ಎರಡು ರೇಖೆ ಖಾಯಂ.

ಹಂಗಾದ್ರ S ಸಣ್ಣದಿದ್ರ, 2hkಕ್ಕಿಂತ ಕಡಿಮಿ, ಎರಡು ರೇಖೆ. ಬರೋಬ್ಬರಿ 2hk ಇದ್ರ ಮೂರು. ದೊಡ್ಡದಿದ್ರ ನಾಕು. ಶಾರ್ಟ್‌ಕಟ್ ಅಣ್ಣ ಹೇಳಿದ 2hk ಸರಿ ಅದ, ಅದು ಮೊದಲ್ನೇ ಚತುರ್ಥಾಂಶದ ತ್ರಿಭುಜಗಳೊಳಗ ಸಣ್ಣದು. ಒಟ್ಟು ತ್ರಿಭುಜಗಳೊಳಗ ಸಣ್ಣದು ಅಲ್ಲ, ಬ್ಯಾರೆ ಚತುರ್ಥಾಂಶದಾಗ ಎಷ್ಟು ಬೇಕೋ ಅಷ್ಟು ಸಣ್ಣದು ಮಾಡ್ಲಾಕ ಬರ್ತದ, ಗ್ರಾಫ್ ಸೊನ್ನಿಗಿ ಬೀಳೋದೇ ಅದು.

ಶಾರ್ಟ್‌ಕಟ್_ಅಣ್ಣ

ಇದು ಚಲೋ ಅದ, ಎರಡು ಮೂರು ನಾಕು. ಬಾಯಿಪಾಠ ಮಾಡ್ಕೊಂಡ್ರ ಆಯ್ತು, ಯಾವ ಬಿಂದು ಕೊಟ್ರೂ 2|hk| ತೆಗ್ದು S ಜೊತಿ ಹೋಲಿಸೋದು, ಹತ್ತು ಸೆಕೆಂಡ್‌ದಾಗ ಟಿಕ್.

ಬೀದರ್_ಮಾಸ್ತರ

ಯಾವ ಬಿಂದು ಕೊಟ್ರೂ ಅಲ್ಲ. ಬಿಂದು ಅಕ್ಷದ ಮ್ಯಾಲ ಇದ್ರ ನಿನ್ನ ಟಿಕ್ ತಪ್ತದ. (2, 0) ಕೊಟ್ರ ಏನಾಗ್ತದ ಹೇಳು. 2hk = 0, S = 12 ಅದಕ್ಕಿಂತ ದೊಡ್ಡದು, ನಿನ್ನ ನಿಯಮದ ಪ್ರಕಾರ ನಾಕು. ಆದ್ರ (2, 0) ಮೂಲಕ ಹೋಗಿ ತ್ರಿಭುಜ ಮಾಡೋ ರೇಖೆಗಳಿಗೆಲ್ಲಾ a = 2 ಅಂತ ಗಂಟು ಬಿತ್ತು, ಇನ್ನ |b| = 12 ಅಷ್ಟೇ, b = 12 ಇಲ್ಲ −12. ಎರಡೇ ರೇಖೆ. ಮ್ಯಾಲಿನ ಸಮೀಕರಣದಾಗ k = 0 ಹಾಕಿ ನೋಡು, a² ಹೋಗಿಬಿಡ್ತದ, ವರ್ಗ ಸಮೀಕರಣನೇ ಉಳಿಯಂಗಿಲ್ಲ, ಶೋಧಕ ಎಲ್ಲಿಂದ ತರ್ತಿ? ಇನ್ನ ಬಿಂದು ಮೂಲಬಿಂದುನೇ ಆಗಿದ್ರ ಒಂದೂ ಇಲ್ಲ.

ತೊಗರಿನಾಡು_ಪಿಯು

ಸರ್ ನಾ ಈಗ S = 12.5 ಹಾಕಿ ನೋಡಿನಿ, ಅರ್ಧ ಅಷ್ಟೇ ಜಾಸ್ತಿ. ab = 25, 3a² − 25a + 50 = 0, ಶೋಧಕ 625 − 600 = 25, a = 5 ಇಲ್ಲ a = 10/3. ಮೊದಲ್ನೇದಕ್ಕ b = 5, ಅಂದ್ರ x + y = 5. ಎರಡ್ನೇದಕ್ಕ b = 7.5. ಎರಡರಾಗೂ (2, 3) ಕೂಡ್ತದ, ಕ್ಷೇತ್ರಫಲನೂ 12.5. ಒಂದು ರೇಖೆ ಇದ್ದದ್ದು ಒಡ್ದು ಎರಡಾಯ್ತು, ಒಂದು ಜರಾ ಮಲಗ್ಯದ, ಒಂದು ಜರಾ ಎದ್ದದ. S ಇಳಿಸ್ತಾ 12ಕ್ಕ ತಂದ್ರ ಎರಡೂ ಕೂಡಿ ಒಂದಾಗ್ತಾವ, ಅದಕ್ಕ ವರ್ಗ ಬಂದದ ಅಂತ ಈಗ ಗೊತ್ತಾಯ್ತು. ಖರೇ ಹೇಳ್ತೀನಿ ಇಷ್ಟು ದಿನ ಸಮ ಮೂಲ ಅಂದ್ರ ಉತ್ತರ ಚಂದ ಬಂತು ಅಂತಷ್ಟೇ ತಿಳ್ಕೊಂಡಿದ್ದೆ.

ಇನ್ನೊಂದು ಕೇಳೋದು. (2, 3) ಅನ್ನೋದು (4, 0), (0, 6) ರ ಬರೋಬ್ಬರಿ ನಡುವ ಅದ. ಇದು ಸುಮ್ನ ಬಂದದ್ದಾ?

ಬೀದರ್_ಮಾಸ್ತರ

ಸುಮ್ನ ಅಲ್ಲ, ಅದೇ ಕಾರಣ. ಬಿಂದುವಿಗಿ ಒಂದು ಮೊಳಿ ಹೊಡ್ದು ಕೋಲು ಅದರ ಮ್ಯಾಲ ತಿರುಗಿಸ್ಲತ್ತೀವಿ ಅಂತ ತಿಳ್ಕೊ. ಕೋಲು ಜರಾ ತಿರುಗಿದ್ರ ಮೊಳಿಯ ಒಂದು ಕಡಿ ಸಣ್ಣ ಸೀಳು ತ್ರಿಭುಜದಾಗ ಸೇರ್ತದ, ಇನ್ನೊಂದು ಕಡಿ ಒಂದು ಸೀಳು ಹೋಗ್ತದ. ಸೀಳಿನ ಕ್ಷೇತ್ರಫಲ ಮೊಳಿಯಿಂದ ಅಕ್ಷದ ತನಕ ಇರೋ ಉದ್ದದ ವರ್ಗದ ಮ್ಯಾಲ ನಿಂತದ. ಒಂದು ಕಡಿ ಉದ್ದ, ಒಂದು ಕಡಿ ಗಿಡ್ಡ ಇದ್ರ ಸೇರಿದ್ದು ಹೋದದ್ದು ಸಮ ಆಗಂಗಿಲ್ಲ, ಅಂದ್ರ ಯಾವುದೋ ಒಂದು ದಿಕ್ಕಿಗಿ ತಿರುಗಿಸಿದ್ರ ತ್ರಿಭುಜ ಇನ್ನೂ ಸಣ್ಣದಾಗ್ತದ. ಎರಡೂ ಕಡಿ ಸಮ ಉದ್ದ ಇದ್ದಾಗಷ್ಟೇ ಇನ್ನ ಇಳಿಸ್ಲಾಕ ಬರಂಗಿಲ್ಲ. ಅದಕ್ಕ ಸಣ್ಣ ತ್ರಿಭುಜಕ್ಕ ಬಿಂದು ನಡುವ ಇರ್ತದ, a = 2h, b = 2k.

ಬೀಜಗಣಿತದಾಗ ಬೇಕಂದ್ರ 2/a ಮತ್ತ 3/b ಕೂಡಿದ್ರ 1, ಎರಡೂ ಪಾಸಿಟಿವ್ ಇದ್ದಾಗ ಗುಣಲಬ್ಧ 6/ab ಎಲ್ಲಕ್ಕಿಂತ ದೊಡ್ಡದಾಗೋದು ಎರಡೂ ಅರ್ಧ ಅರ್ಧ ಇದ್ದಾಗ, ಅಂದ್ರ ¼. ಅದಕ್ಕ ab 24ಕ್ಕಿಂತ ಕಡಿಮಿ ಆಗಂಗಿಲ್ಲ.

ಶಹಾಪುರ_ಹೊಲ

ನಮಸ್ಕಾರ್ರಿ ಮಾಸ್ತರ್ರೆ, ನಂದು ಪರೀಕ್ಷಾ ಅಲ್ಲ, ಹೊಲದ ಮಾತು. ನಮ್ಮ ಹೊಲದ ಮೂಲಿ ಕೆನಾಲ್ ದಂಡಿ ಓರೆ ಕಡ್ದು ಹೋಗ್ಯದ. ಮೂಲಿಯಿಂದ ಒಂದು ಬದು ಗುಂಟ 120 ಫೂಟ್, ಇನ್ನೊಂದು ಬದು ಗುಂಟ 90 ಫೂಟ್ ದಂಡಿ ಆಚಿಕಡಿ ಬಿದ್ದದ. ನೀವು ಹೇಳಿದ ½ab ಹಾಕಿದ್ರ 5400 ಚದರ ಫೂಟ್, 1089ಕ್ಕ ಗುಂಟೆ ಅಂದ್ರ ಹತ್ತಿರ ಹತ್ತಿರ 5 ಗುಂಟೆ ಬರ್ತದ. ಆದ್ರ ನಮ್ಮ ಭಾವ ಅಂತಾನ, ಓರೆ ದಂಡಿ ಟೇಪ್ ಹಿಡ್ದ್ರ 165 ಫೂಟ್ ಅದ, ಅಷ್ಟು ಉದ್ದ ಇದ್ದ ಮ್ಯಾಲ ಜಾಗ 5 ಗುಂಟೆಕ್ಕಿಂತ ಜಾಸ್ತಿನೇ ಹೋಗ್ಯದ ಅಂತ. ಯಾವ್ದು ಖರೇರಿ?

ಬೀದರ್_ಮಾಸ್ತರ

ಎರಡೂ ಅಲ್ರಿ ಕಾಕಾ. ½ab ನಡೀಬೇಕಂದ್ರ ಎರಡು ಬದು ಮೂಲಿದಾಗ ಲಂಬವಾಗಿ ಕೂಡ್ಬೇಕು, ಅಕ್ಷಗಳು ಕೂಡ್ದಂಗ. ನಿಮ್ಮದು ಲಂಬ ಇದ್ದಿದ್ರ ಓರೆ ದಂಡಿ ಬರೋಬ್ಬರಿ 150 ಫೂಟ್ ಬರ್ತಿತ್ತು, 120 ಮತ್ತ 90 ಕ್ಕ ಅಷ್ಟೇ. ನಿಮ್ಮಲ್ಲಿ 165 ಬಂದದ ಅಂದ್ರ ಮೂಲಿ ಅಗಲ ಬಿಚ್ಕೊಂಡದ, ಹತ್ತತ್ರ 103 ಡಿಗ್ರಿ. ಆವಾಗ ½ab ಅನ್ನೋದನ್ನ ಆ ಕೋನದ ಸೈನ್‌ದಿಂದ ಗುಣಿಸ್ಬೇಕು, ಸೈನ್ ಯಾವತ್ತೂ 1ಕ್ಕಿಂತ ದೊಡ್ಡದಿಲ್ಲ, ಹಂಗಾಗಿ ಜಾಗ ಜಾಸ್ತಿ ಆಗಂಗಿಲ್ಲ, ಕಡಿಮಿ ಆಗ್ತದ.

ಕೋನ ಬಿಡ್ರಿ, ನಿಮ್ಮ ಹತ್ತಿರ ಮೂರೂ ಬದಿ ಅಳತಿ ಅದ. ಮೂರೂ ಕೂಡಿಸಿ ಅರ್ಧ ಮಾಡ್ರಿ, 187.5. ಅದರಿಂದ ಒಂದೊಂದು ಬದಿ ಕಳೀರಿ: 67.5, 97.5, 22.5. ನಾಕೂ ಗುಣಿಸಿ ವರ್ಗಮೂಲ ತೆಗೀರಿ, 5269 ಚದರ ಫೂಟ್ ಬರ್ತದ, ಅಂದ್ರ 4.84 ಗುಂಟೆ. 5400ಕ್ಕ ಹೋಲಿಸಿದ್ರ 131 ಚದರ ಫೂಟ್ ಕಮ್ಮಿ.

ನಿಮ್ಮ ಭಾವನ ಲೆಕ್ಕ ಯಾಕ ತಪ್ತು ಅಂದ್ರ, ಎರಡು ಬದಿ ಅಷ್ಟೇ ಇಟ್ಟು ಮೂಲಿ ಬಿಚ್ಚಿದ್ರ ಎದುರಿನ ಬದಿ ಉದ್ದ ಆಗ್ತಾ ಹೋಗ್ತದ, ಆದ್ರ ಲಂಬ ದಾಟಿದ ಮ್ಯಾಲ ತ್ರಿಭುಜ ಚಪ್ಪಟಿ ಆಗ್ಲತ್ತದ. ಪೂರ್ತಿ ಬಿಚ್ಚಿದ್ರ ಎದುರಿನ ಬದಿ 210 ಫೂಟ್, ಜಾಗ ಸೊನ್ನಿ.

ಶಹಾಪುರ_ಹೊಲ

ಇದು ಮನಸಿಗಿ ಹತ್ತಿತು. ಭಾವಗ ತೋರಿಸ್ತೀನಿ, ಅಂವ ಒಪ್ಪಂಗಿಲ್ಲ ಬಿಡ್ರಿ. ಟೇಪ್ ಹಿಡ್ದಿದ್ದೂ ಅವನೇ, ದಂಡಿ ಡೊಂಕ ಅದ, ಎಲ್ಲಿಂದ ಎಲ್ಲಿಗಿ ಹಿಡ್ದಾನೋ ಯಾರಿಗಿ ಗೊತ್ತು.

ಯಾದಗಿರಿ_ಗ್ರಾಫ್

ಕಾಕಾ, ದಂಡಿ ಡೊಂಕ ಇದ್ರ ಈ ಯಾವ ಲೆಕ್ಕನೂ ನಡೆಯಂಗಿಲ್ಲ, ಸರಳ ಗೆರಿಗಷ್ಟೇ ಇದು. ಹದ್ದುಬಸ್ತಿಗಿ ಅರ್ಜಿ ಹಾಕಿ ಸರ್ವೇಯರ್ ಕರೀರಿ, ನಿಮ್ಮ 4.84 ಕಾಗದದ ಮ್ಯಾಲ ಬರ್ದಿಟ್ಕೊಳ್ರಿ, ಅವ್ರು ಹೇಳಿದ್ದು ಭಾಳ ದೂರ ಇದ್ರ ಕೇಳ್ಲಾಕ ಆಗ್ತದ.

ಹುಮನಾಬಾದ್_ಅವ್ವ

ಮಾಸ್ತರ್ರೆ, ಮಗಳು ಈಗ 12 ಬರೋಬ್ಬರಿ ಮಾಡ್ಲತ್ತಾಳ, ಮತ್ತೊಂದು ಸಮಸ್ಯೆ ಬಂದದ. ಅಕಿ ಪುಸ್ತಕದಾಗ ಸಮೀಕರಣ 3x + 2y = 12 ಅಂತ ನೇರ ಕೊಟ್ಟು ತ್ರಿಭುಜದ ಕ್ಷೇತ್ರಫಲ ಕೇಳ್ಯಾರ. ಅಕಿ a = 3, b = 2 ಅಂತ ತಗೊಂಡು ½ × 6 = 3 ಅಂತ ಬರ್ದಾಳ. ಅದು ಹೆಂಗ 3 ಆಗ್ತದ, ಇದೇ ರೇಖೆಕ್ಕ ನೀವು 12 ಅಂದ್ರಿ?

ಬೀದರ್_ಮಾಸ್ತರ

ನೋಡ್ರಿ, x/a + y/b ದಾಗ a ಕೆಳಗ ಕುಂತದ. ಬಲಗಡಿ 1 ಆಗೋ ತನಕ ಓದ್ಲಾಕ ಬರಂಗಿಲ್ಲ. 3x + 2y = 12 ಇದನ್ನ 12ರಿಂದ ಭಾಗಿಸ್ರಿ, x/4 + y/6 = 1, ಈಗ ಓದ್ರಿ, 4 ಮತ್ತ 6. ಸಮೀಕರಣ Ax + By + C = 0 ಅಂತ ಇದ್ರ ಭಾಗಿಸದೇನೂ ಬರ್ತದ, C²/(2|AB|), ಇಲ್ಲಿ 144/(2 × 6) = 12. ಆದ್ರ ಮಗಳಿಗಿ ಈ ಸೂತ್ರ ಈಗ್ಲೇ ಕೊಡ್ಬ್ಯಾಡ್ರಿ, C ಮ್ಯಾಲಿನ ವರ್ಗ ಬಿಟ್ಟು ಹುಡುಗ್ರು ತಪ್ತಾರ. x = 0 ಹಾಕು, y = 0 ಹಾಕು ಅಂತ ಹೇಳ್ರಿ, ಎರಡು ಸಾಲಿನ ಕೆಲಸ.

ಒಂದು ಸಣ್ಣ ಪರೀಕ್ಷೆನೂ ಅದ. ಸಮೀಕರಣ ಪೂರ್ತಿ 2ರಿಂದ ಗುಣಿಸಿ 6x + 4y = 24 ಅಂತ ಬರೀರಿ. ರೇಖೆ ಅದೇ, ತ್ರಿಭುಜ ಅದೇ. ಅಕಿ ರೀತಿದಾಗ ಮಾಡಿದ್ರ ಈಗ ½ × 24 = 12 ಬರ್ತದ, ಮೊದಲ 3 ಇತ್ತು. ಒಂದೇ ತ್ರಿಭುಜಕ್ಕ ಎರಡು ಕ್ಷೇತ್ರಫಲ ಬಂದ್ರ ರೀತಿದಾಗೇ ಗಡಬಡ ಅದ ಅಂತ ಅರ್ಥ. ಈ ಸಲ 12 ಸರಿ ಉತ್ತರಕ್ಕ ಹೊಂದ್ತದ, ಅದು ಕಾಕತಾಳೀಯ, ಅದನ್ನ ನೋಡಿ ಅಕಿ ಮೋಸ ಹೋಗ್ಬಾರ್ದು. 3ರಿಂದ ಗುಣಿಸಿದ್ರ 27 ಬರ್ತದ.

ಶಾರ್ಟ್‌ಕಟ್_ಅಣ್ಣ

ಎಲ್ಲಾ ಸರಿ ಮಾಸ್ತರ್ರೆ, ಒಂದು ಮಾತು. ಎಂಸಿಕ್ಯು ಇದ್ರ 3 ಟಿಕ್ ಹಾಕೋಣ. ಆದ್ರ ಬೋರ್ಡ್ ಎಕ್ಸಾಮ್‌ದಾಗ "ರೇಖೆಯ ಸಮೀಕರಣ ಕಂಡುಹಿಡಿಯಿರಿ" ಅಂತ ಏಕವಚನದಾಗ ಬಂದ್ರ? −4 ± 4√2 ಬರ್ದು ಕುಂತ್ರ ಟೈಮ್ ಹೋಗ್ತದ, ಪೇಪರ್ ನೋಡೋರ ಕೀದಾಗ ಒಂದೇ ಇದ್ರ ಗೊಂದಲ. ನಾ ಅಂತೀನಿ ಏಕವಚನ ಇದ್ರ 3x + 2y = 12 ಬರ್ದು ಬಿಡೋದು.

ಬೀದರ್_ಮಾಸ್ತರ

ನಾ ಒಪ್ಪಂಗಿಲ್ಲ. "ಮೊದಲ ಚತುರ್ಥಾಂಶದಲ್ಲಿ" ಇಲ್ಲ "ಅಕ್ಷಗಳ ಧನ ಭಾಗದಲ್ಲಿ" ಅಂತ ಪ್ರಶ್ನೆದಾಗ ಇದ್ರ ಒಂದೇ ಬರೀಬೇಕು. ಏನೂ ಇಲ್ದಿದ್ರ ಮೂರೂ ಬರೀಬೇಕು. ಪ್ರಶ್ನೆ ಏಕವಚನ ಇತ್ತು ಅಂತ ರೇಖೆ ಕಡಿಮಿ ಆಗಂಗಿಲ್ಲ.

ಯಾದಗಿರಿ_ಗ್ರಾಫ್

ಮಾಸ್ತರ್ರೆ, ಲೆಕ್ಕ ನಿಮ್ಮದೇ ಖರೇ. ಆದ್ರ ಅಣ್ಣನ ಮಾತೂ ತೆಗ್ದು ಹಾಕ್ಲಾಕ ಬರಂಗಿಲ್ಲ, ಉದ್ದ ಉತ್ತರ ಬರ್ದು ನಡುವ ಒಂದು ಚಿಹ್ನೆ ತಪ್ಪಿದ್ರ ಇದ್ದ ಮಾರ್ಕ್ಸೂ ಹೋಗ್ತದ ಅಂತ ಹುಡುಗ್ರಿಗಿ ಅಂಜಿಕಿ ಇರ್ತದ. ನಾ ಆಗಿದ್ರ ½|ab| = 12 ಅಂತ ಒಂದು ಸಾಲು ಬರ್ದು ಎರಡೂ ಕೇಸ್ ತೋರಿಸ್ತಿದ್ದೆ, ಎರಡ್ನೇ ಕೇಸ್‌ದಾಗ a, b ಸರ್ಡ್‌ದಾಗೇ ಬಿಟ್ಟು ಡೆಸಿಮಲ್‌ಗ ಹೋಗ್ತಿರ್ಲಿಲ್ಲ. ಒಂದು ಕೇಸ್‌ಕ್ಕ b = −6 − 6√2, ಇನ್ನೊಂದಕ್ಕ b = 6√2 − 6, ಅಲ್ಲಿಗಿ ಮುಗೀತು.

ಶಾರ್ಟ್‌ಕಟ್_ಅಣ್ಣ

ನಾ ಇನ್ನೂ ಒಂದೇ ಬರೀತೀನಿ ಅಂತೀನಿ ನೋಡ್ರಿ. ಪೇಪರ್ ನೋಡೋರು ಯಾರು ಸಿಗ್ತಾರೋ ಅವರ ಮ್ಯಾಲ ಅದ ಎಲ್ಲಾ.

ತೊಗರಿನಾಡು_ಪಿಯು

ಅಣ್ಣ ನೀ ಒಂದೇ ಬರಿ, ನಾ ಎರಡೂ ಕೇಸ್ ಬರೀತೀನಿ. ಮಾಸ್ತರ್ರೆ, ಬಿಂದು (−2, 3) ಕೊಟ್ರ ಏನಾಗ್ತದ ಅಂತ ಈಗ ಮಾಡ್ಲತ್ತೀನಿ, S ಅದೇ 12. ab = −24 ಹಾಕಿದಾಗ ಈ ಸಲ ವರ್ಗ ಬಂತು, (a + 4)² = 0, ab = 24 ಹಾಕಿದಾಗ ಎರಡು ಬಂದ್ವು. ಒಟ್ಟು ಮತ್ತ ಮೂರೇ, ಆದ್ರ ಜಾಗ ಅದಲು ಬದಲು ಆಗ್ಯದ. ab = 24ದಾಗ ಬಂದ ಎರಡರೊಳಗ ಒಂದರ ತ್ರಿಭುಜ ಮೊದಲ್ನೇ ಚತುರ್ಥಾಂಶದಾಗ, ಇನ್ನೊಂದರದು ಮೂರ್ನೇದರಾಗ ಬಂದದ, ಗ್ರಾಫ್ ಹಾಕಿ ನೋಡಿ ಹೇಳ್ತೀನಿ.